ಡಾಲರ್‌ನಿಂದ ಎಣ್ಣೆ ಪ್ಯಾಕೆಟ್‌ವರೆಗೆ: ಲೆಕ್ಕದ ಡೈರಿ, ಮೂರನೇ ಕಂತು

ಈ ಸಲದ ದೊಡ್ಡ ಬದಲಾವಣೆ ಅಂದರೆ ಪೆಟ್ರೋಲ್ ಕಾಲಮ್ ತೆಗೆದುಹಾಕಿದ್ದು. ರೂಪಾಯಿ ಬಿದ್ದರೆ ಬೆಂಗಳೂರಿನ ಬಿಲ್ ಎಷ್ಟು ಏರುತ್ತೆ ಅಂತ ನೋಡೋಕೆ ಶುರು ಮಾಡಿದ ಪ್ರಾಜೆಕ್ಟ್ ಇದು. ಪೆಟ್ರೋಲ್‌ನಲ್ಲಿ ಆ ಸಂಬಂಧ ಹುಡುಕೋದು ಸುಮ್ನೆ ಕಾಲಹರಣ. 2022ರ ಮೇ ಕೊನೆಯಲ್ಲಿ ಕೇಂದ್ರ ಅಬಕಾರಿ ಸುಂಕ ಇಳಿಸಿದ ಮೇಲೆ ಇಲ್ಲಿ ಲೀಟರ್‌ಗೆ 101.94 ಆಯ್ತು. 2024ರ ಮಾರ್ಚ್‌ವರೆಗೆ ಅಲ್ಲೇ ಕೂತಿತ್ತು. ಅಷ್ಟರಲ್ಲಿ ಡಾಲರ್ 77ರ ಆಸುಪಾಸಿನಿಂದ 83 ಆಗಿತ್ತು. ಆಮೇಲೆ 2024ರ ಜೂನ್‌ನಲ್ಲಿ ಒಂದೇ ಸಲ ಸುಮಾರು 3 ರೂಪಾಯಿ ಏರಿತು, ಅದು ರಾಜ್ಯದ ಮಾರಾಟ ತೆರಿಗೆ ಏರಿಸಿದ್ದರಿಂದ. ಡಾಲರ್ ಏರಿದ ಪೆಟ್ಟು ಪಂಪ್‌ಗೆ ಬರೋದಿಲ್ಲ, ತೈಲ ಕಂಪನಿಗಳ ಲಾಭ-ನಷ್ಟದಲ್ಲೇ ಕರಗಿಹೋಗುತ್ತೆ.

ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಕಾಲಮ್ ಇಟ್ಟಿದ್ದೇನೆ, ಆದರೆ ಸದ್ಯಕ್ಕೆ ಮುಟ್ಟಲ್ಲ. 2025ರ ಕೊನೆಯಲ್ಲಿ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಎಲ್ಲಿಗೋ ಹೋಯ್ತು. ಆ ಗದ್ದಲದಲ್ಲಿ ರೂಪಾಯಿಯ ಪಾಲು ಇಷ್ಟು ಅಂತ ಹೇಳೋಕಾಗಲ್ಲ.

ಉಳಿದದ್ದು ಅಡುಗೆ ಎಣ್ಣೆ. ಇದರಲ್ಲಿ ಕೆಲಸ ಚೆನ್ನಾಗಿ ಸಾಗಿದೆ. ನಾವು ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಪಾಮ್ ಇಂಡೋನೇಷ್ಯಾ, ಮಲೇಷ್ಯಾದಿಂದ ಬರುತ್ತೆ, ಸೂರ್ಯಕಾಂತಿ ಹೆಚ್ಚಾಗಿ ರಷ್ಯಾ, ಉಕ್ರೇನ್‌ನಿಂದ. ಎಲ್ಲದಕ್ಕೂ ಕೊಡೋದು ಡಾಲರ್. ಹಾಗಾಗಿ ಹಡಗಿನಿಂದ ಪ್ಯಾಕೆಟ್‌ವರೆಗೆ ಒಂದೊಂದೇ ಹೆಜ್ಜೆ ಲೆಕ್ಕ ಹಾಕಬಹುದು.

ಒಂದು ಉದಾಹರಣೆ ತಗೊಳ್ಳೋಣ. ಕಚ್ಚಾ ಸೂರ್ಯಕಾಂತಿ ಎಣ್ಣೆ ಬಂದರಿಗೆ ಬರೋವಾಗ ಟನ್‌ಗೆ 1,200 ಡಾಲರ್ ಅಂತ ಇಟ್ಟುಕೊಳ್ಳಿ, ಡಾಲರ್‌ಗೆ 84 ರೂಪಾಯಿ. ಕೆ.ಜಿ.ಗೆ 100.80 ಆಯ್ತು. 2025ರ ಮೇ ಕೊನೆಯಲ್ಲಿ ನಿಗದಿಯಾದ ಆಮದು ಸುಂಕ 16.5% ಸೇರಿಸಿದರೆ 117.43. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ, ಅಲ್ವಾ? ಅಂದರೆ ಲೀಟರ್‌ಗೆ 106.86. ಶುದ್ಧೀಕರಣ, ಪ್ಯಾಕಿಂಗ್, ಲಾರಿ, ಅಂಗಡಿಯವರ ಲಾಭ ಎಲ್ಲಾ ಸೇರಿ 25 ರೂಪಾಯಿ ಅಂತ ನನ್ನ ಅಂದಾಜು ಹಾಕಿದ್ದೇನೆ. ಮೇಲೆ 5% ಜಿಎಸ್‌ಟಿ. ಕೊನೆಗೆ 138.46.

ಈಗ ಡಾಲರ್ ಮಾತ್ರ 90 ಮಾಡಿ, ಬೇರೆ ಯಾವುದನ್ನೂ ಮುಟ್ಟಬೇಡಿ. ಪ್ಯಾಕೆಟ್ 146.47 ಆಗುತ್ತೆ. ಡಾಲರ್ ಏರಿದ್ದು 7.1%, ಎಣ್ಣೆ ಏರಿದ್ದು 5.8%. ಕಾರಣ ಸರಳ: ಪ್ಯಾಕೆಟ್ ಬೆಲೆಯ ನೂರರಲ್ಲಿ 81 ಭಾಗ ಮಾತ್ರ ಡಾಲರ್ ಜೊತೆ ಓಡುತ್ತೆ, ಉಳಿದದ್ದು ಇಲ್ಲಿನ ಕೂಲಿ, ಇಲ್ಲಿನ ಡೀಸೆಲ್, ಇಲ್ಲಿನ ಬಾಡಿಗೆ. ಅಂಗಡಿಯವರು ಲಾಭವನ್ನು ಶೇಕಡಾ ಲೆಕ್ಕದಲ್ಲಿ ಹಾಕಿದರೆ ಇದು ಸ್ವಲ್ಪ ಏರುತ್ತೆ, ಆದರೂ ನೂರು ದಾಟೋಕೆ ದಾರಿಯಿಲ್ಲ.

ಈ 0.81 ನನಗೆ ಒಳ್ಳೆ ಜರಡಿಯಾಯ್ತು. ಬರೀ ರೂಪಾಯಿ ಮತ್ತು ಚಿಲ್ಲರೆ ಬೆಲೆ ಇಟ್ಟು ರಿಗ್ರೆಷನ್ ಹಾಕಿದರೆ, 2024-25ರ ತಿಂಗಳುಗಳಲ್ಲಿ ಗುಣಾಂಕ 1ನ್ನೂ ದಾಟುತ್ತೆ. ಅಂದರೆ ರೂಪಾಯಿ ಒಂದು ಹೆಜ್ಜೆ ಜಾರಿದರೆ ಎಣ್ಣೆ ಒಂದಕ್ಕಿಂತ ಜಾಸ್ತಿ ಹಾರುತ್ತೆ ಅಂತ. ಲೆಕ್ಕದ ಪ್ರಕಾರ ಅದು ಆಗೋದೇ ಇಲ್ಲ. ಹಾಗಾದರೆ ಮತ್ತೇನೋ ರೂಪಾಯಿಯ ವೇಷ ಹಾಕಿಕೊಂಡು ಒಳಗೆ ಬಂದಿದೆ.

ಬಂದಿದ್ದು ಸುಂಕ. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಎಣ್ಣೆಗಳ ಮೇಲಿನ ಒಟ್ಟು ಸುಂಕ 5.5%ನಿಂದ 27.5%ಗೆ ಏರಿತು. ಬಂದರಿನಿಂದ ಹೊರಬರೋ ಎಣ್ಣೆಯ ಬೆಲೆ ಒಂದೇ ರಾತ್ರಿ ಸುಮಾರು 21% ಜಾಸ್ತಿ. ಇಷ್ಟೇ ಏರಿಕೆ ರೂಪಾಯಿಯಿಂದ ಬರಬೇಕಿದ್ದರೆ 84ರಲ್ಲಿದ್ದ ಡಾಲರ್ 101 ರೂಪಾಯಿ 50 ಪೈಸೆಗೆ ಹೋಗಬೇಕಿತ್ತು! ನಿಜವಾಗಿ ಅದು ಮುಂದಿನ ಫೆಬ್ರವರಿಯಲ್ಲಿ 88ರ ಹತ್ತಿರಕ್ಕೆ ಬಂತು, ಅಷ್ಟೇ. ಆದರೆ ಎರಡೂ ಒಂದೇ ಕಾಲದಲ್ಲಿ ಆದವು. ಸಮೀಕರಣಕ್ಕೆ ಸುಂಕದ ವಿಷಯ ಗೊತ್ತಿಲ್ಲ, ಹಾಗಾಗಿ ಎಲ್ಲಾ ಅಪವಾದ ರೂಪಾಯಿಯ ತಲೆಗೆ ಕಟ್ಟಿತು.

ಆದ್ದರಿಂದ ಈಗ ರೂಪಾಯಿಯನ್ನು ನೇರವಾಗಿ ಹಾಕುತ್ತಿಲ್ಲ. ಮೊದಲು ಬಂದರು ಖರ್ಚು, ಅಂದರೆ ಸುಂಕವೂ ಸೇರಿ ಬಂದರಿನಿಂದ ಹೊರಬರೋ ಎಣ್ಣೆಯ ಬೆಲೆ, ಕಟ್ಟಿಕೊಳ್ಳುತ್ತೇನೆ:

```python
# ಪಾಮ್ ಎಣ್ಣೆಗೆ; usd: ಟನ್‌ಗೆ ಡಾಲರ್ ಬೆಲೆ, duty: 16.5% ಅಂದರೆ 0.165
landed = usd * inr + tariff * inr_customs * duty
litre = landed / 1000 * 0.91
```

ಇಲ್ಲಿ `inr` ಮತ್ತು `inr_customs` ಬೇರೆ ಬೇರೆ ಯಾಕೆ ಅಂತ ಕೇಳಬಹುದು. ಆಮದುದಾರರು ಡಾಲರ್ ಕೊಳ್ಳೋದು ಆ ದಿನದ ಮಾರುಕಟ್ಟೆ ದರಕ್ಕೆ. ಅದಕ್ಕೆ ಎಫ್‌ಬಿಐಎಲ್ ಅನ್ನೋ ಸಂಸ್ಥೆ ದಿನಾ ಪ್ರಕಟಿಸೋ ಡಾಲರ್ ದರ ಹಾಕಿದ್ದೇನೆ. ಸುಂಕ ಕಟ್ಟೋಕೆ ಮಾತ್ರ ಕಸ್ಟಮ್ಸ್ ದರ ಬೇರೆ, ತಿಂಗಳಲ್ಲಿ ಎರಡು ಸಲ ಬದಲಾಗುತ್ತೆ. ಪಾಮ್ ಮತ್ತು ಸೋಯಾಗೆ ಇನ್ನೊಂದು ಗಂಟಿದೆ. ಸುಂಕ ನಿಜವಾದ ಬೆಲೆಯ ಮೇಲಲ್ಲ, ಸರ್ಕಾರ ಹದಿನೈದು ದಿನಕ್ಕೊಮ್ಮೆ ಡಾಲರ್‌ನಲ್ಲಿ ಘೋಷಿಸೋ ಟ್ಯಾರಿಫ್ ಮೌಲ್ಯದ ಮೇಲೆ. ಸೂರ್ಯಕಾಂತಿ ಆ ಪಟ್ಟಿಯಲ್ಲಿಲ್ಲ, ಅದಕ್ಕೆ `tariff` ಬದಲು ಖರೀದಿ ಬೆಲೆಯೇ. ಹೀಗಾಗಿ ರೂಪಾಯಿ ಸರ್ರನೆ ಜಾರಿದ ವಾರದಲ್ಲೂ ಸುಂಕದ ಭಾಗ ಕೆಲವು ದಿನ ಹಳೇ ದರದಲ್ಲೇ ಇರುತ್ತೆ.

ಇನ್ನು ಚಿಲ್ಲರೆ ಬೆಲೆ. ಗ್ರಾಹಕ ವ್ಯವಹಾರ ಇಲಾಖೆ ದಿನಾ ಪ್ರಕಟಿಸೋ ಪಟ್ಟಿಯಲ್ಲಿ ಬೆಂಗಳೂರಿನ ಸಾಲು ಇದೆ, ಅದೇ ಮುಖ್ಯ ಆಧಾರ. ಅದರ ಜೊತೆಗೆ ಮನೆ ಹತ್ತಿರದ ಅಂಗಡಿಯ ಬೆಲೆಯನ್ನೂ ಬರೆದಿಡುತ್ತಿದ್ದೇನೆ. ಎಂಆರ್‌ಪಿ ಬರೆಯೋದು ಬಿಟ್ಟೆ, ಅದರಿಂದ ಏನೂ ಗೊತ್ತಾಗಲ್ಲ. ಪ್ಯಾಕೆಟ್ ಮೇಲೆ ಅಚ್ಚಾದ ಬೆಲೆ ತಿಂಗಳುಗಟ್ಟಲೆ ಅದೇ ಇರುತ್ತೆ, ಮೊದಲು ಕರಗೋದು ರಿಯಾಯ್ತಿ. ಮೊನ್ನೆ ಅಂಗಡಿಯವರನ್ನು ಕೇಳಿದೆ, "ಅಣ್ಣಾ, ಡಾಲರ್ ನೋಡ್ಕೊಂಡು ರೇಟ್ ಹಾಕ್ತೀರಾ?" ಅಂತ. "ಡಾಲರ್ ಯಾರಿಗೆ ಬೇಕು ಸರ್? ಬೆಳಿಗ್ಗೆ ಹೋಲ್‌ಸೇಲ್‌ನವರ ಮೆಸೇಜ್ ಬರತ್ತೆ, ಅದೇ ರೇಟು. ಡಬ್ಬದ್ದು ದಿನಾ ಬದಲಾಗತ್ತೆ, ಪ್ಯಾಕೆಟ್ಟು ನಿಧಾನ" ಅಂದರು. ಹೋಟೆಲ್‌ನವರು ಒಯ್ಯೋ 15 ಕೆ.ಜಿ. ಪಾಮ್ ಡಬ್ಬದಲ್ಲಿ ಏರಿಳಿತ ಮೊದಲು ಕಾಣುತ್ತೆ ಅಂತಾಯ್ತು. ಹಾಗಾಗಿ ಡಬ್ಬದ ರೇಟಿಗೂ ಒಂದು ಕಾಲಮ್ ಸೇರಿಸಿದೆ.

ಅದೇ ಕಪಾಟಿನಲ್ಲಿ ಲೀಟರ್ ಪ್ಯಾಕೆಟ್‌ನ ಪಕ್ಕದಲ್ಲೇ ಅದೇ ಎತ್ತರದ 850 ಮಿ.ಲೀ. ಪ್ಯಾಕೆಟ್ ಇತ್ತು. ಬೆಲೆ ಕಮ್ಮಿ ಅಂತ ಎತ್ತಿಕೊಂಡವರಿಗೆ ಗೊತ್ತೂ ಆಗಲ್ಲ. ಪ್ಯಾಕೆಟ್‌ಗೆ ಇಷ್ಟು ಅಂತ ಬರೆದರೆ ಬೆಲೆ ಇಳಿದ ಹಾಗೆ ಕಾಣುತ್ತೆ, ಆದ್ದರಿಂದ ಎಲ್ಲವನ್ನೂ ಲೀಟರ್‌ ಲೆಕ್ಕಕ್ಕೆ ತಂದಿದ್ದೇನೆ.

ಹಣದುಬ್ಬರಕ್ಕೆ ಇದರಿಂದ ಎಷ್ಟು? ಹಳೇ 2012 ಆಧಾರದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಎಣ್ಣೆ-ಕೊಬ್ಬಿನ ತೂಕ 3.56%. ಡಾಲರ್ 5% ಏರಿ, 0.81 ಪೂರ್ತಿ ದಾಟಿಬಂದರೂ ಸುಮಾರು 0.14 ಶೇಕಡಾಂಶ. ಅದೂ ಮೇಲಿನ ಮಿತಿ, ಯಾಕಂದ್ರೆ ಆ ಗುಂಪಿನಲ್ಲಿ ತುಪ್ಪ, ಸಾಸಿವೆ, ಕಡಲೆಕಾಯಿ ಎಣ್ಣೆಯೂ ಇವೆ. ರೂಪಾಯಿ 5% ಕುಸಿದರೆ ಒಟ್ಟು ಹಣದುಬ್ಬರ ಸುಮಾರು 0.35 ಏರಬಹುದು ಅಂತ ರಿಸರ್ವ್ ಬ್ಯಾಂಕ್ ತನ್ನ ಹಣಕಾಸು ನೀತಿ ವರದಿಯಲ್ಲಿ ಅಂದಾಜಿಸಿತ್ತು. ಅದರ ಪಕ್ಕದಲ್ಲಿಟ್ಟರೆ ಎಣ್ಣೆಯೊಂದೇ ಸಣ್ಣ ಪಾಲೇನಲ್ಲ.

ಮುಂದಿನ ಕೆಲಸ ಇಳಿಕೆಯ ಕಡೆ. 2025ರ ಮೇ 30ರಂದು ಕಚ್ಚಾ ಎಣ್ಣೆಯ ಸುಂಕ 27.5%ನಿಂದ 16.5%ಗೆ ಇಳಿಯಿತು. ಬಂದರು ಖರ್ಚು 8.6% ಕಮ್ಮಿಯಾಗಬೇಕು. ಏರೋವಾಗ ಹಳೇ ಸ್ಟಾಕ್‌ಗೂ ಹೊಸ ರೇಟು ಬೀಳುತ್ತೆ, ಇಳಿಯೋವಾಗ ಮಾತ್ರ "ಹಳೇ ಸ್ಟಾಕ್ ಖಾಲಿಯಾಗಲಿ" ಅನ್ನೋ ಮಾತು ಬರುತ್ತೆ ಅನ್ನೋದು ನನ್ನ ಗುಮಾನಿ. ಅದನ್ನು ನೋಡೋಕೆ ಏರಿಕೆ, ಇಳಿಕೆ ಎರಡನ್ನೂ ಬೇರೆ ಬೇರೆ ಚಲಕ ಮಾಡಿ, ಪಾಮ್‌ಗೆ ಕೆಲವೇ ವಾರಗಳ, ದೂರದಿಂದ ಬರೋ ಸೂರ್ಯಕಾಂತಿಗೆ ಇನ್ನೂ ಜಾಸ್ತಿ ವಿಳಂಬ ಕೊಟ್ಟು ಹಾಕುತ್ತಿದ್ದೇನೆ. ಡಬ್ಬದ ಕಾಲಮ್ ಇನ್ನೂ ಚಿಕ್ಕದು, ಅದು ತುಂಬೋವರೆಗೆ ಇಲಾಖೆಯ ಸಗಟು ಬೆಲೆಯಲ್ಲೇ ನಡೆಯುತ್ತೆ.