ಅಸೈನ್‌ಮೆಂಟ್ ಕಳಿಸದವರ ಪಟ್ಟಿ: ನಾನು ಮೂರು ಸಲ ಎಣಿಸಿದ ಕಥೆ

ನಾನು ಪದವಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್ ಹೇಳಿಕೊಡುತ್ತೇನೆ. ಮೂರನೇ ಸೆಮಿಸ್ಟರ್‌ನಲ್ಲಿ 58 ಜನ. ಅಸೈನ್‌ಮೆಂಟನ್ನು ಪಿಡಿಎಫ್ ಮಾಡಿ ಶುಕ್ರವಾರ ಸಂಜೆ 5ರೊಳಗೆ ಮೇಲ್ ಮಾಡಿ ಎಂದಿದ್ದೆ. ಗುರುವಾರ ರಾತ್ರಿ ಬಾಕಿ ಇರುವವರ ಪಟ್ಟಿ ಮಾಡೋಣ ಅಂತ ಕೂತೆ.

ಬಂದಿದ್ದ ಮೇಲ್‌ಗಳು 47. ಹಾಗಾದರೆ 11 ಜನ ಬಾಕಿ, ಅಲ್ವಾ? ಹಾಜರಿ ಪುಸ್ತಕ ಇಟ್ಟುಕೊಂಡು ಹೆಸರಿಗೆ ಟಿಕ್ ಹಾಕುತ್ತಾ ಹೋದರೆ 17 ಹೆಸರು ಉಳಿದವು. ಆ 17 ಹೆಸರನ್ನೇ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಹತ್ತು ನಿಮಿಷದಲ್ಲಿ ಫೋನ್ ಶುರುವಾಯಿತು. "ಮೇಡಂ, ನಾನು ಮೊನ್ನೇನೇ ಕಳ್ಸಿದೀನಿ!"

ಮತ್ತೆ ಕೂತು ಒಂದೊಂದೇ ಬಿಡಿಸಿ ನೋಡಿದೆ. ನಾಲ್ಕು ಜನ ತಿದ್ದಿ ಎರಡನೇ ಸಲ ಕಳಿಸಿದ್ದರು, ಹಾಗಾಗಿ ಮೇಲ್ ಎಣಿಕೆ ಹೆಚ್ಚಾಗಿತ್ತು. ಒಬ್ಬಳು ತನ್ನ ಮೇಲ್‌ನಲ್ಲೇ ಗೆಳತಿಯರಿಬ್ಬರ ಫೈಲನ್ನೂ ಸೇರಿಸಿದ್ದಳು. ನಾನು ಮೊದಲ ಫೈಲ್ ನೋಡಿ ಮುಂದೆ ಹೋಗಿದ್ದೆ. ಒಬ್ಬ ಅಣ್ಣನ ಐಡಿಯಿಂದ ಕಳಿಸಿದ್ದ, ವಿಷಯದ ಸಾಲಿನಲ್ಲಿ ಏನೂ ಇಲ್ಲ. ಒಂದು ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಇನ್ನೊಬ್ಬಳು "ಅಟ್ಯಾಚ್ ಮಾಡಿದ್ದೇನೆ ಮೇಡಂ" ಎಂದು ಬರೆದಿದ್ದಳು, ಫೈಲ್ ಮಾತ್ರ ಇರಲಿಲ್ಲ. ನಿಜವಾಗಿ ಏನೂ ಕಳಿಸದವರು 12 ಜನ. ಐದು ಮಕ್ಕಳ ಹೆಸರನ್ನು ಸುಮ್ನೆ ಎಲ್ಲರೆದುರು ಹಾಕಿದ್ದೆ. ಬೆಳಿಗ್ಗೆ ತರಗತಿಯಲ್ಲಿ ಸಾರಿ ಕೇಳಿದೆ.

ಆಮೇಲೆ ಕೆಲಸವನ್ನು ತಿರುಗಿಸಿಕೊಂಡೆ. ಕಳಿಸದವರು ಇನ್‌ಬಾಕ್ಸ್‌ನಲ್ಲಿ ಸಿಗುವುದಿಲ್ಲ, ಹಾಜರಿ ಪಟ್ಟಿಯಲ್ಲಿ ಸಿಗುತ್ತಾರೆ. ಹಾಗಾಗಿ ಈಗ ಗೂಗಲ್ ಶೀಟ್‌ನಲ್ಲಿ A ಕಾಲಂಗೆ 58 ರೋಲ್ ನಂಬರ್, B ಕಾಲಂಗೆ ಹೆಸರು ಹಾಕಿಟ್ಟಿದ್ದೇನೆ. ಮೇಲ್ ತೆರೆದು, ಫೈಲ್ ತೆರೆದು, ಅದರೊಳಗಿನ ರೋಲ್ ನಂಬರನ್ನು D ಕಾಲಂಗೆ ಬರೆಯುತ್ತೇನೆ. ಒಂದು ಮೇಲ್‌ನಲ್ಲಿ ಮೂರು ಫೈಲಿದ್ದರೆ ಮೂರು ಸಾಲು. ಅಕ್ಕಪಕ್ಕ ಎರಡು ಕಾಲಂ ಖಾಲಿ ಇರುವ ಕಡೆ ಈ ಸೂತ್ರ:

```
=FILTER(A2:B59, COUNTIF(D2:D200, A2:A59)=0)
```

A ಕಾಲಂನ ಯಾವ ನಂಬರ್ D ಕಾಲಂನಲ್ಲಿ ಒಮ್ಮೆಯೂ ಇಲ್ಲವೋ ಅವರ ಹೆಸರು ಮಾತ್ರ ಬರುತ್ತದೆ. ಒಬ್ಬರೇ ಎರಡು ಸಲ ಕಳಿಸಿದರೂ ಲೆಕ್ಕ ಕೆಡುವುದಿಲ್ಲ. ಎಲ್ಲರೂ ಕಳಿಸಿಬಿಟ್ಟರೆ `#N/A` ಎಂದು ಬರುತ್ತದೆ, ಅದು ತಪ್ಪಲ್ಲ. ನನಗಂತೂ ಆ ಭಾಗ್ಯ ಇನ್ನೂ ಬಂದಿಲ್ಲ.

ಆದರೆ ಇದೊಂದೇ ಸಾಲದು. BC307 ಬದಲು BC3O7 ಎಂದು ಸೊನ್ನೆಯ ಜಾಗದಲ್ಲಿ O ಅಕ್ಷರ ಬಿದ್ದರೆ, ಅಥವಾ ನಡುವೆ ಒಂದು ಸ್ಪೇಸ್ ಸೇರಿದರೆ, ಕಳಿಸಿದವರೂ ಬಾಕಿ ಪಟ್ಟಿಗೆ ಬಂದುಬಿಡುತ್ತಾರೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಇನ್ನೊಂದು ಸೂತ್ರ, ಉಲ್ಟಾ ದಿಕ್ಕಿನದು:

```
=FILTER(D2:D200, D2:D200<>"", COUNTIF(A2:A59, D2:D200)=0)
```

ಇದು ನಮ್ಮ ತರಗತಿಯಲ್ಲೇ ಇಲ್ಲದ ನಂಬರ್‌ಗಳನ್ನು ತೋರಿಸುತ್ತದೆ. ಇಲ್ಲಿ ಒಂದು ನಂಬರ್ ಕಂಡರೂ ಬಾಕಿ ಪಟ್ಟಿಯಲ್ಲಿ ಒಬ್ಬರು ಸುಮ್ನೆ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಅನುಮಾನ ಪಡಬೇಕು. ಈ ಪಟ್ಟಿ ಖಾಲಿಯಾಗುವವರೆಗೆ ನಾನು ಯಾರ ಹೆಸರನ್ನೂ ಹೊರಗೆ ಹೇಳುವುದಿಲ್ಲ.

ಜಿಮೇಲ್‌ನಲ್ಲಿ ಇನ್ನೆರಡು ಹುಡುಕಾಟ ಮಾಡುತ್ತೇನೆ. `in:spam` ಹಾಕಿ ಸ್ಪ್ಯಾಮ್ ನೋಡುತ್ತೇನೆ, ಏಕೆಂದರೆ ಮಾಮೂಲಿ ಹುಡುಕಾಟಕ್ಕೆ ಅದು ಸಿಗುವುದಿಲ್ಲ. ವಿಷಯದ ಸಾಲಿನ ಪದದ ಜೊತೆ `-has:attachment` ಹಾಕಿದರೆ ಫೈಲ್ ಮರೆತವರು ಸಿಗುತ್ತಾರೆ. ಡ್ರೈವ್ ಲಿಂಕ್ ಕಳಿಸುವವರದು ಬೇರೆ ಗೋಳು. ಲಿಂಕ್ ಒತ್ತಿದರೆ ಅನುಮತಿ ಕೇಳಿ ಅನ್ನುತ್ತದೆ. ಅಂಥವರ ರೋಲ್ ನಂಬರನ್ನೂ D ಕಾಲಂಗೆ ಹಾಕಿ, ಪಕ್ಕದ E ಕಾಲಂನಲ್ಲಿ "ಬಂದಿದೆ, ತೆರೆಯುತ್ತಿಲ್ಲ" ಎಂದು ಬರೆದು ಆಗಲೇ ಉತ್ತರ ಹಾಕುತ್ತೇನೆ. ಅವರನ್ನು ಕಳಿಸದವರ ಜೊತೆ ಸೇರಿಸುವುದು ಸರಿಯಲ್ಲ.

ಪಟ್ಟಿಯನ್ನೂ ಈಗ ಗುಂಪಿಗೆ ಹಾಕುವುದಿಲ್ಲ. ಗಡುವಿಗೆ ಒಂದು ದಿನ ಮೊದಲು ಅವರವರಿಗೇ ಮೇಲ್, ಎಲ್ಲರ ವಿಳಾಸವೂ ಬಿಸಿಸಿಯಲ್ಲಿ. "ನೀವು ಕಳಿಸಿಲ್ಲ" ಅಂತ ಬರೆಯುವುದಿಲ್ಲ. "ನಿಮ್ಮದು ನನಗೆ ಸಿಕ್ಕಿಲ್ಲ, ಕಳಿಸಿದ್ದರೆ ಯಾವ ಐಡಿಯಿಂದ ಅಂತ ತಿಳಿಸಿ" ಅಂತ ಬರೆಯುತ್ತೇನೆ. ಅರ್ಧ ಜಗಳ ಅಲ್ಲೇ ಕಡಿಮೆ.

ಹೋದ ಸಲ ಹೀಗೆ ಮೇಲ್ ಹೋದ ಮೇಲೆ ಒಬ್ಬಳು ಸ್ಟಾಫ್ ರೂಮಿಗೇ ಬಂದಳು. ಮಂಗಳವಾರವೇ ಕಳಿಸಿದೀನಿ ಮೇಡಂ, ಪ್ರಾಮಿಸ್, ಅಂದಳು. ಫೋನ್ ತೋರಿಸು ಅಂದೆ. ಮೇಲ್ ಔಟ್‌ಬಾಕ್ಸ್‌ನಲ್ಲೇ ಕೂತಿತ್ತು. ಡೇಟಾ ಪ್ಯಾಕ್ ಮುಗಿದಿದ್ದು ಅವಳಿಗೆ ಗೊತ್ತಿತ್ತು, ಮೇಲ್ ಹೋಗಿಲ್ಲ ಅನ್ನೋದು ಗೊತ್ತಿರಲಿಲ್ಲ. ನನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದೆ. ಅವಳು ಇನ್ನೂ ಅಲ್ಲೇ ನಿಂತಿರುವಾಗಲೇ ನನ್ನ ಇನ್‌ಬಾಕ್ಸ್‌ಗೆ ಬಂತು.