ತುಟಿಗೂ ಹಾಡಿಗೂ ಮೂರು ಫ್ರೇಮ್ ದೂರ

ಮೇಲುಕೋಟೆಯ ರಾಯಗೋಪುರದ ಹತ್ತಿರ ಅಕ್ಕನ ಹಾಡಿಗೆ ವಿಡಿಯೊ ಮಾಡಿದೆವು. ಅಕ್ಕ ಅಂದರೆ ನನ್ನ ಸ್ವಂತ ಅಕ್ಕ ಅಲ್ಲ. ಹಾಡುವವರು, ನಮ್ಮ ಗುಂಪಿನವರೆಲ್ಲ ಅವರನ್ನು ಹಾಗೇ ಕರೆಯುತ್ತೇವೆ. ಕ್ಯಾಮೆರಾ ನನ್ನದು, ಎಡಿಟಿಂಗೂ ನನ್ನದೇ. ಹಾಡು ಸ್ಟುಡಿಯೊದಲ್ಲಿ ರೆಕಾರ್ಡ್ ಆಗಿತ್ತು. ಗೋಪುರದ ಹತ್ತಿರ ಸ್ಪೀಕರಿನಲ್ಲಿ ಅದನ್ನೇ ಹಾಕುವುದು, ಅಕ್ಕ ಅದಕ್ಕೆ ತುಟಿ ಆಡಿಸುವುದು, ನಾನು ಬೇರೆ ಬೇರೆ ಕಡೆಯಿಂದ ತೆಗೆಯುವುದು. ಕೇಳಲು ಇಷ್ಟೇ.

ಫೈನಲ್ ಮಿಕ್ಸ್ ಕೈಗೆ ಬರುವ ತನಕ ಶೂಟ್ ಬೇಡ ಎಂದು ಮೊದಲೇ ಹೇಳಿದ್ದೆ. ಆಮೇಲೆ ಮಿಕ್ಸ್‌ನಲ್ಲಿ ಕೊಳಲಿನ ದನಿ ಏರಿಸಿದರೆ, ಇಳಿಸಿದರೆ ತೊಂದರೆ ಇಲ್ಲ. ಆದರೆ ಮಧ್ಯದ ವಾದ್ಯದ ಭಾಗವನ್ನು ಎರಡು ಆವರ್ತನ ಕತ್ತರಿಸಿದರೆ, ಅಥವಾ ಲಯ ಒಂಚೂರು ಬದಲಾಯಿಸಿದರೆ, ತೆಗೆದ ಚಿತ್ರವೆಲ್ಲ ದಂಡ. ಮಿಕ್ಸ್ ಬಂದ ಮೇಲೆ ಅಕ್ಕ ದಿನವೂ ಅದನ್ನೇ ಕೇಳಿದರು. ಅವರೇ ಹಾಡಿದ್ದಲ್ವಾ, ಯಾಕೆ ಕೇಳಬೇಕು ಅನ್ನಿಸಬಹುದು. ಸ್ಟುಡಿಯೊದಲ್ಲಿ ಆ ಹೊತ್ತಿಗೆ ಬಂದ ಒಂದು ಸಂಗತಿ, ಒಂದು ಕಡೆ ಉಸಿರು ತೆಗೆದುಕೊಂಡ ರೀತಿ, ಇವು ವೇದಿಕೆಯಲ್ಲಿ ಮತ್ತೆ ಹಾಗೇ ಬರುವುದಿಲ್ಲ. ವಿಡಿಯೊದಲ್ಲಿ ಅವರು ತಮ್ಮದೇ ಆ ಒಂದು ಹಾಡಿಕೆಯನ್ನು ಅನುಸರಿಸಬೇಕು.

ಪ್ಲೇಬ್ಯಾಕಿಗೆ ನಾನೇ ಒಂದು ಫೈಲ್ ಮಾಡಿಕೊಂಡೆ. 48 ಕಿಲೋಹರ್ಟ್ಸ್‌ನ WAV, ವಿಡಿಯೊಗೆ ಬಳಸುವ ದರ ಅದೇ. ಹಾಡಿನ ಮುಂದೆ ಅದೇ ಲಯದಲ್ಲಿ ನಾಲ್ಕು ಬೀಪ್. ಚರಣಗಳಿಗೂ ಹಾಗೇ ಬೇರೆ ಫೈಲ್. ಪ್ರತಿ ಟೇಕಿನಲ್ಲೂ ಸಹಾಯಕ್ಕೆ ಬಂದ ಹುಡುಗ ಕ್ಯಾಮೆರಾ ಎದುರು ನಿಂತು ನಾಲ್ಕನೇ ಬೀಪಿಗೆ ಚಪ್ಪಾಳೆ ತಟ್ಟಿ ಪಕ್ಕಕ್ಕೆ ಸರಿಯಬೇಕು. ಕ್ಯಾಮೆರಾದ ಮೈಕ್ ಸದಾ ಆನ್. ಆ ದನಿ ವಿಡಿಯೊದಲ್ಲಿ ಇರುವುದಿಲ್ಲ. ಎಡಿಟಿಂಗಿನಲ್ಲಿ ಸಾಫ್ಟ್‌ವೇರ್ ಅದರ ಅಲೆಯನ್ನು ಸ್ಟುಡಿಯೊ ಹಾಡಿನ ಅಲೆಯ ಜೊತೆ ಹೋಲಿಸಿ, ಟೇಕನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತದೆ.

"ನಿಜವಾಗಿ ಹಾಡಲೋ, ಸುಮ್ನೆ ತುಟಿ ಆಡಿಸಲೋ?" ಎಂದು ಅಕ್ಕ ಕೇಳಿದರು.

"ಗಟ್ಟಿಯಾಗೇ ಹಾಡಿ ಅಕ್ಕ, ಶ್ರುತಿ ಬಗ್ಗೆ ಯೋಚನೆ ಮಾಡಬೇಡಿ" ಎಂದೆ. ಸುಮ್ನೆ ತುಟಿ ಆಡಿಸಿದರೆ ಮೇಲಿನ ಸ್ವರ ಮುಟ್ಟುವಾಗ ಕುತ್ತಿಗೆಯ ನರ ಬಿಗಿಯುವುದಿಲ್ಲ, ಸಾಲಿನ ಮೊದಲು ಎದೆ ಉಸಿರಿಗೆ ಏಳುವುದಿಲ್ಲ. ನೋಡುವವರಿಗೆ ಏನೋ ಸುಳ್ಳು ಅನ್ನಿಸುತ್ತದೆ.

ಹತ್ತಿರದ ಶಾಟುಗಳು ಸಲೀಸಾಗಿ ಆದವು. ನಿಜವಾದ ಕೆಲಸ ಶುರುವಾದದ್ದು ದೂರದ ಶಾಟಿನಲ್ಲಿ. ಪೂರ್ತಿಯಾಗದೆ ನಿಂತ ಆ ಗೋಪುರದ ಎತ್ತರದ ಕಂಬಗಳ ನಡುವೆ ಅಕ್ಕ ಚಿಕ್ಕದಾಗಿ ಕಾಣಬೇಕು. ಅವರಿಂದ ಸುಮಾರು 40 ಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟು, ಉದ್ದದ ಲೆನ್ಸ್ ಹಾಕಿದೆ. ಸ್ಪೀಕರ್ ಚಿತ್ರದಲ್ಲಿ ಕಾಣಬಾರದು ಎಂದು ಹುಡುಗ ಅದನ್ನು ನನ್ನ ಕಾಲ ಬಳಿ ತಂದಿಟ್ಟ. ಹಾಗೇ ಒಂದು ಟೇಕ್ ತೆಗೆದೆವು.

ಲ್ಯಾಪ್‌ಟಾಪ್ ಜೊತೆಗಿತ್ತು. ಅಲ್ಲೇ ಹಾಕಿ ನೋಡಿದೆ. ಅಲೆಗೆ ಅಲೆ ಕೂದಲೆಳೆಯಷ್ಟೂ ತಪ್ಪದೆ ಕೂತಿತ್ತು. ಆದರೂ ತುಟಿ ತಡ.

ಇಲ್ಲಿ ಲೆಕ್ಕ ಬಲು ಸರಳ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 40 ಮೀಟರ್ ದಾಟಲು ಹತ್ತಿರ ಹತ್ತಿರ 0.12 ಸೆಕೆಂಡ್ ಬೇಕು. ನಾವು ತೆಗೆಯುತ್ತಿದ್ದದ್ದು ಸೆಕೆಂಡಿಗೆ 25 ಫ್ರೇಮ್, ಅಂದರೆ ಒಂದು ಫ್ರೇಮಿಗೆ 0.04 ಸೆಕೆಂಡ್. ಅಲ್ಲಿಗೆ ಮೂರು ಫ್ರೇಮ್ ಆಯಿತು. ಸ್ಪೀಕರ್ ಪಕ್ಕದಲ್ಲೇ ಇದ್ದ ಕ್ಯಾಮೆರಾ ಹಾಡನ್ನು ತಕ್ಷಣ ಕೇಳಿತು. ಅಕ್ಕನಿಗೆ ಅದು ಮೂರು ಫ್ರೇಮ್ ತಡವಾಗಿ ಕೇಳಿತು, ಅವರು ಕೇಳಿದ್ದಕ್ಕೆ ಸರಿಯಾಗಿ ಹಾಡಿದರು. ಅವರ ತುಟಿಯ ಬೆಳಕು ನನ್ನ ಲೆನ್ಸಿಗೆ ಬರಲು ಹೊತ್ತೇ ಹಿಡಿಯುವುದಿಲ್ಲ. ಸಾಫ್ಟ್‌ವೇರ್ ಶಬ್ದಕ್ಕೆ ಶಬ್ದ ಹೊಂದಿಸುತ್ತದೆ. ತುಟಿ ಅದಕ್ಕೆ ಗೊತ್ತಿಲ್ಲ.

"ಹಾಗಾದ್ರೆ ಸ್ಪೀಕರನ್ನ ಅಕ್ಕನ ಹಿಂದೆ, ಕಂಬದ ಮರೆಗೆ ಇಡೋಣ" ಎಂದ ಹುಡುಗ. ಇಟ್ಟೆವು. ಈಗ ಅಕ್ಕ ತಾಳಕ್ಕೆ ಸರಿಯಾಗಿ ಹಾಡುತ್ತಾರೆ, ಆದರೆ ಕ್ಯಾಮೆರಾದ ಕಿವಿಗೆ ಹಾಡು ತಡ. ಅಲೆ ಹೊಂದಿಸಿದರೆ ಈ ಸಲ ತುಟಿ ಮೂರು ಫ್ರೇಮ್ ಮುಂದೆ ಓಡುತ್ತದೆ. ದೂರ ಅಷ್ಟೇ, ತಪ್ಪು ಉಲ್ಟಾ ದಿಕ್ಕಿಗೆ. ಸ್ಪೀಕರನ್ನು ಈ ತುದಿಗಿಟ್ಟರೂ ಆ ತುದಿಗಿಟ್ಟರೂ ಹಾಡುವವರ ಕಿವಿಗೂ ಕ್ಯಾಮೆರಾದ ಕಿವಿಗೂ ನಡುವಿನ ಆ 40 ಮೀಟರ್ ಹೋಗುವುದಿಲ್ಲ.

ಆದರೂ ಸ್ಪೀಕರನ್ನು ಅಕ್ಕನ ಹತ್ತಿರವೇ ಉಳಿಸಿಕೊಂಡೆ. ಅವರಿಗೆ ಹಾಡು ಚೆನ್ನಾಗಿ ಕೇಳುವುದು ಮುಖ್ಯ, ಅಲ್ಲಿ ಗಾಳಿಯೂ ಜೋರು. ಆ ಶಾಟಿನ ಟೇಕುಗಳಿಗೆಲ್ಲ 40 ಮೀಟರ್ ಎಂದು ಪುಸ್ತಕದಲ್ಲಿ ಬರೆದಿಟ್ಟೆ. ಎಡಿಟಿಂಗಿನಲ್ಲಿ ಅಲೆ ಹೊಂದಿಸಿದ ಮೇಲೆ ಆ ಟೇಕುಗಳ ಚಿತ್ರವನ್ನು ಮೂರು ಫ್ರೇಮ್ ಹಿಂದಕ್ಕೆ, ಅಂದರೆ ತಡವಾಗಿ ಬರುವಂತೆ, ಸರಿಸಬೇಕು. ಐದಾರು ಮೀಟರ್ ದೂರದ ಶಾಟುಗಳಿಗೆ ಇದರ ಗೊಡವೆ ಇಲ್ಲ, ಅಲ್ಲಿ ವ್ಯತ್ಯಾಸ ಅರ್ಧ ಫ್ರೇಮೂ ಆಗುವುದಿಲ್ಲ.

ಸರಿಸಿದ್ದು ಸರಿಯೇ ಎಂದು ತಿಳಿಯುವುದು ಹೇಗೆ? ಪ, ಬ, ಮ ನೋಡಬೇಕು. ಇವನ್ನು ತುಟಿ ಮುಚ್ಚದೆ ಯಾರೂ ಹೇಳಲಾರರು. ಅಆ ಎಂದು ಎಳೆಯುವಾಗ ಎರಡು ಮೂರು ಫ್ರೇಮ್ ಆಚೀಚೆ ಆದರೆ ಕಣ್ಣಿಗೆ ಸಿಗುವುದಿಲ್ಲ. ಅಕ್ಕನ ಹಾಡಿನಲ್ಲಿ "ಬಾಗಿಲ ಬಳಿಗೆ ಮಳೆ ಬಂದಿದೆ" ಎಂಬ ಸಾಲಿದೆ. ನಾನು ಆ ಸಾಲಿನಲ್ಲೇ ಪರೀಕ್ಷೆ ಮಾಡುತ್ತೇನೆ. ಒಂದೊಂದೇ ಫ್ರೇಮ್ ಮುಂದೆ ಹೋಗುತ್ತಾ, "ಬಾ" ಸಿಡಿಯುವ ಜಾಗವನ್ನು ಅಲೆಯಲ್ಲಿ ಹುಡುಕುತ್ತೇನೆ. ಅದಕ್ಕೆ ಹಿಂದಿನ ಫ್ರೇಮಿನಲ್ಲಿ ತುಟಿ ಒತ್ತಿರಬೇಕು, ಅದೇ ಫ್ರೇಮಿನಲ್ಲಿ ಬಿಡಬೇಕು. ಒಂದು ಅಕ್ಷರ ಸರಿ ಇದ್ದರೆ ಸಾಲದು, ಸಾಲಿನ ಕೊನೆಯ "ಬಂ" ಕೂಡ ಕೂರಬೇಕು. ಆಮೇಲೆ ಹಾಡಿನ ಕೊನೆಯ ಸಾಲಿಗೆ ಹೋಗಿ ಅಲ್ಲೂ ನೋಡಬೇಕು. ಮೊದಲು ಸರಿ ಇದ್ದು ಕೊನೆಗೆ ಜಾರಿದ್ದರೆ ಅದು ದೂರದ ದೋಷ ಅಲ್ಲ, ಫ್ರೇಮ್ ದರದ ದೋಷ. ಫೋನಿನಲ್ಲಿ ತೆಗೆದದ್ದಕ್ಕೆ ಇದು ಜಾಸ್ತಿ ಕಾಡುತ್ತದೆ. ಫೋನ್ ಬೆಳಕು ಕಮ್ಮಿಯಾದಾಗ ತಾನೇ ದರ ಬದಲಿಸಿಕೊಳ್ಳುವುದುಂಟು.

ಸಂಜೆ ಒಂದು ಸಾಲಿಗೆ ಸ್ಲೋ ಮೋಷನ್ ಬೇಕಿತ್ತು. ಸೆರಗು ನಿಧಾನವಾಗಿ ಹಾರಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿರಬೇಕು. ಸೆಕೆಂಡಿಗೆ 50 ಫ್ರೇಮ್ ತೆಗೆದು 25ರಲ್ಲಿ ಓಡಿಸಿದರೆ ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತದೆ, ತುಟಿಯೂ ಇಳಿಯುತ್ತದೆ. ಅದಕ್ಕೆ ಆ ಸಾಲನ್ನು ಎರಡು ಪಟ್ಟು ವೇಗದಲ್ಲಿ, ಬೀಪನ್ನೂ ಸೇರಿಸಿ, ಬೇರೆ ಫೈಲ್ ಮಾಡಿಕೊಂಡಿದ್ದೆ. ಅಷ್ಟು ವೇಗದಲ್ಲಿ ಪದ ಹೇಳುತ್ತಾ ಮುಖ ಮಾತ್ರ ನಿರಾಳವಾಗಿ ಇಟ್ಟುಕೊಳ್ಳುವುದು ತುಂಬಾ ಕಷ್ಟ. ಅಕ್ಕ ಮೊದಲು ಪದಗಳನ್ನು ಹಾಡದೆ ಬರೀ ಮಾತಿನಂತೆ ಹೇಳಿ ರೂಢಿ ಮಾಡಿಕೊಂಡರು. ಆಮೇಲೆ ಕಣ್ಣು, ಹುಬ್ಬು ಯಾವುದನ್ನೂ ಅವಸರಪಡಿಸದೆ ಹಾಡಿದರು. ನನ್ನ ಕ್ಯಾಮೆರಾ ಆ ಮೋಡಿನಲ್ಲಿ ಶಬ್ದವನ್ನೇ ಹಿಡಿಯುವುದಿಲ್ಲ. ಹುಡುಗನ ಚಪ್ಪಾಳೆ ಆಗ ಕೆಲಸಕ್ಕೆ ಬಂತು. ಅಂಗೈ ಸೇರಿದ ಫ್ರೇಮನ್ನು ನಾಲ್ಕನೇ ಬೀಪಿನ ಮೇಲೆ ಇಟ್ಟೆ. ಅಂಗೈ ನೋಡಿ ಕೂರಿಸಿದ್ದು ಒಂದು ಫ್ರೇಮ್ ಆಚೀಚೆ ಇರಬಹುದು, ಹಾಗಾಗಿ ಅಲ್ಲೂ ಒಂದು "ಮ" ಹುಡುಕಿ ತಿದ್ದಿದೆ.

ಎಡಿಟ್ ಮುಗಿಸಿ ಕಳಿಸಿದ ದಿನ ಅಕ್ಕ ಫೋನ್ ಮಾಡಿದರು. "ಎಲ್ಲಾ ಶಾಟಿನಲ್ಲೂ ತುಟಿ ಮೊದಲು ಹೋಗ್ತಿದೆ ಕಣೋ."

ಎಲ್ಲಾ ಶಾಟಿನಲ್ಲೂ ಅಂದದ್ದೇ ನನಗೆ ಸುಳಿವು. ಹತ್ತಿರದ್ದು, ದೂರದ್ದು, ಸ್ಲೋ ಮೋಷನ್, ಎಲ್ಲ ಬೇರೆ ಬೇರೆ ರೀತಿ ಕೂರಿಸಿದವು. ಎಲ್ಲವೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ತಪ್ಪುವುದಿಲ್ಲ. "ಯಾವುದರಲ್ಲಿ ಕೇಳ್ತಿದ್ದೀರಿ ಅಕ್ಕ?" ಎಂದೆ. ಟಿವಿಯಲ್ಲಿ ಹಾಕಿ, ಬ್ಲೂಟೂತ್ ಸ್ಪೀಕರ್ ಜೋಡಿಸಿದ್ದರು. ಬ್ಲೂಟೂತ್ ಶಬ್ದವನ್ನು ತಡ ಮಾಡುತ್ತದೆ, ಎಲ್ಲ ಟಿವಿಯೂ ಅದಕ್ಕೆ ತಕ್ಕಂತೆ ಚಿತ್ರವನ್ನು ತಡೆದು ತೋರಿಸುವುದಿಲ್ಲ. ಅದನ್ನು ತೆಗೆದು ಟಿವಿಯ ಸ್ವಂತ ಸ್ಪೀಕರಿನಲ್ಲೇ ಕೇಳಿ ಎಂದೆ. ಫೋನ್ ಇಡದೆ ಹಾಗೇ ಹಾಕಿ ನೋಡಿದರು. "ಬಾಗಿಲ ಬಳಿಗೆ" ಸಾಲು ಬಂದಾಗ, "ಹ್ಞೂ, ಈಗ ಸರಿಯಾಯ್ತು ನೋಡು, ಅಪ್‌ಲೋಡ್ ಮಾಡು" ಎಂದರು.