ಫೋಟೋದಲ್ಲಿ ಕಾಣದೆ ಹೋದ ಸ್ಕ್ವೇರ್

ರಾಜಾಜಿನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುವುದು ನನ್ನ ಕೆಲಸ. ಸೆಕೆಂಡ್ ಪಿಯು ಮಕ್ಕಳೂ ಬರುತ್ತಾರೆ, ಬಿಕಾಂ ಮಕ್ಕಳೂ ಬರುತ್ತಾರೆ. ಕ್ಲಾಸ್ ಎಂಟು ಗಂಟೆಗೆ ಮುಗಿಯುತ್ತದೆ, ಆಮೇಲೆ ವಾಟ್ಸಾಪಿನಲ್ಲಿ ಡೌಟುಗಳು ಶುರುವಾಗುತ್ತವೆ. ಟೈಪ್ ಮಾಡಿ ಕೇಳುವವರು ಕಡಿಮೆ. ಎಲ್ಲರೂ ಫೋಟೋ ಕಳಿಸುತ್ತಾರೆ. ಅದೂ ಪುಸ್ತಕದ ಫೋಟೋ ಅಲ್ಲ. ಗೆಳತಿಯ ನೋಟ್ಸ್ ಜೆರಾಕ್ಸ್, ಅದರ ಫೋಟೋ, ಅದು ಎರಡು ಗ್ರೂಪ್ ದಾಟಿ ಬಂದಮೇಲೆ ತೆಗೆದ ಸ್ಕ್ರೀನ್‌ಶಾಟ್.

ಹೀಗೆ ಬಂದ ಫೋಟೋದಲ್ಲಿ ಮೊದಲು ಅಳಿಸಿಹೋಗುವುದು ಪವರ್. ದೊಡ್ಡ ಅಕ್ಷರಗಳು ಉಳಿದಿರುತ್ತವೆ, ತಲೆಯ ಮೇಲಿನ ಪುಟ್ಟ 2 ಮಾಯವಾಗಿರುತ್ತದೆ. ಜೆಪಿಜಿ ಫೋಟೋವನ್ನು ಚಿಕ್ಕದು ಮಾಡುವಾಗ 8×8 ಚುಕ್ಕಿಗಳ ಚೌಕಗಳಾಗಿ ಒಡೆದು, ಒಂದೊಂದು ಚೌಕದಲ್ಲೂ ಸಣ್ಣ ವಿವರಗಳನ್ನು ಬಿಟ್ಟುಬಿಡುತ್ತಾರೆ. ಚಿಕ್ಕ ಫೋಟೋದಲ್ಲಿ ಪವರ್ ಆಗಿ ಬರೆದ ಅಂಕಿ ಇಡಿಯಾಗಿ ಅಂಥ ಒಂದೇ ಚೌಕದೊಳಗೆ ಕೂತುಬಿಡಬಹುದು. ಹಾಗಾದಾಗ ಅದು 2 ಆಗಿತ್ತೋ 3 ಆಗಿತ್ತೋ ಅಥವಾ ಸುಮ್ನೆ ಕಾಗದದ ಕಲೆಯೋ ಎಂದು ಎಷ್ಟು ಜೂಮ್ ಮಾಡಿದರೂ ತಿಳಿಯುವುದಿಲ್ಲ. ಒಂದು ಬೂದು ಮಚ್ಚೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಪ್ರಿಪರೇಟರಿ ಪರೀಕ್ಷೆ ಹತ್ತಿರ ಇದ್ದಾಗ ಒಬ್ಬ ಹುಡುಗಿ ರಾತ್ರಿ ಹತ್ತೂವರೆಗೆ ಒಂದು ಲೆಕ್ಕ ಕಳಿಸಿದಳು. ಪ್ರಾಬಬಿಲಿಟಿ ಟೇಬಲ್ ಕೊಟ್ಟು k ಬೆಲೆ ಕೇಳಿದ್ದರು, ಜೊತೆಗೆ P(X < 6) ಎಷ್ಟು ಎಂದು. ನನಗೆ ಕಂಡದ್ದು ಹೀಗೆ:

```
x     0   1   2    3    4    5   6    7
P(x)  0   k   2k   2k   3k   k   2k   7k + k
```

ಎಲ್ಲ ಕೂಡಿದೆ. 19k ಬಂತು. ಒಟ್ಟು ಪ್ರಾಬಬಿಲಿಟಿ 1 ಆಗಬೇಕು, ಹಾಗಾಗಿ k = 1/19. P(X < 6) ಅಂದರೆ 9k, ಅದು 9/19, ಸುಮಾರು 0.47. ನೀಟಾಗಿ ಬರೆದು ಕಳಿಸಿದೆ. ಫೋಟೋ ಮಸುಕಾಗಿದೆ ಎಂದು ಒಂದು ಮಾತೂ ಬರೆಯಲಿಲ್ಲ.

ಮಾರನೇ ದಿನ ಅವಳು ನೋಟ್‌ಬುಕ್ ಹಿಡಿದು ಬಂದಳು. "ಮಿಸ್, ನಾನು ಮಾಡ್ದಾಗ 1/10 ಬಂದಿತ್ತು. ನಿಮ್ದು ನೋಡಿ ಹೊಡೆದುಹಾಕ್ಬಿಟ್ಟೆ. ಎಲ್ಲಿ ತಪ್ಪು ಅಂತ ಹುಡುಕಿ ಹುಡುಕಿ ಹನ್ನೆರಡು ಗಂಟೆ ಆಯ್ತು" ಅಂದಳು. ನೋಟ್‌ಬುಕ್ಕಿನಲ್ಲಿ ಕೊನೆಯ ಮೂರು ಮನೆಗಳು k², 2k², 7k² + k ಎಂದು ಸ್ಪಷ್ಟವಾಗಿದ್ದವು. ಅವಳ ಉತ್ತರ ಸರಿಯಿತ್ತು. ಅದರ ಮೇಲೆ ಪೆನ್ನಿನಿಂದ ಎಳೆದ ಎರಡು ಗೆರೆ ನೋಡಿ ನನಗೆ ತುಂಬಾ ಬೇಜಾರಾಯಿತು. ಆ ಗೆರೆ ಅವಳು ಎಳೆದದ್ದು ನನ್ನ ಮೇಲಿನ ನಂಬಿಕೆಯಿಂದ.

ಅವತ್ತು ಕೂತು ಯೋಚಿಸಿದೆ. ನಾನು ಕೂಡಿಸಿದ್ದು ತಪ್ಪಾಗಿರಲಿಲ್ಲ. ಓದಿಕೊಂಡದ್ದು ತಪ್ಪಾಗಿತ್ತು. ತಾಳೆ ನೋಡಿದ್ದರೂ ಸಿಗುತ್ತಿರಲಿಲ್ಲ. ಒಟ್ಟು 1 ಬರುತ್ತದಾ ಎಂದು ನೋಡಿದರೆ ಬಂದೇ ಬರುತ್ತದೆ, ಯಾಕೆಂದರೆ k ಕಂಡುಹಿಡಿದದ್ದೇ ಒಟ್ಟು 1 ಎಂದು ಇಟ್ಟುಕೊಂಡು! ಪವರ್ ಏನೇ ಇದ್ದರೂ ಆ ತಾಳೆ ಕೂಡುತ್ತದೆ. ಟೇಬಲ್ ಸರಿಯಾಗಿ ಓದಿದ್ದೇವಾ ಎಂದು ಅದು ಹೇಳುವುದಿಲ್ಲ.

ಸುಳಿವು ಬೇರೆ ಕಡೆ ಇತ್ತು. ಕೊನೆಯ ಮನೆಯಲ್ಲಿ 7k + k ಎಂದಿತ್ತಲ್ವಾ? ಯಾರೂ ಹಾಗೆ ಬರೆಯುವುದಿಲ್ಲ. 8k ಎಂದು ಬರೆದು ಮುಗಿಸುತ್ತಾರೆ. ಎರಡನ್ನು ಬಿಡಿಸಿ ಬರೆದಿದ್ದಾರೆ ಅಂದರೆ ಅವು ಕೂಡಿಸಲಾಗದ ಎರಡು ಜಾತಿ. ಅಂದಮೇಲೆ ಒಂದರ ಮೇಲೆ ಪವರ್ ಇರಲೇಬೇಕು. ಇದನ್ನು ಕಾಣಲು ಒಳ್ಳೆಯ ಫೋಟೋ ಬೇಕಿಲ್ಲ, ಕೂಡಿಸುವ ಮೊದಲು ಒಂದು ನಿಮಿಷ ನಿಂತರೆ ಸಾಕು.

ಹಾಗಾದರೆ 7k ಮೇಲಿರುವುದು ಸ್ಕ್ವೇರ್ ಎಂದಿಟ್ಟುಕೊಳ್ಳೋಣ. 5 ಮತ್ತು 6ರ ಕೆಳಗಿನ ಮನೆಗಳಲ್ಲೂ ಮಚ್ಚೆ ಇತ್ತು. ಅಲ್ಲೂ ಸ್ಕ್ವೇರ್ ಇದೆಯೋ ಇಲ್ಲವೋ ಗೊತ್ತಿಲ್ಲ. ಎರಡು ಮನೆ, ಒಂದೊಂದಕ್ಕೆ ಎರಡು ದಾರಿ, ಒಟ್ಟು ನಾಲ್ಕು ಓದು. ನಾಲ್ಕನ್ನೂ ಬರೆದು ನೋಡಿದೆ:

```
7k² + 12k = 1
8k² + 11k = 1
9k² + 10k = 1
10k² + 9k = 1
```

ಮೊದಲನೆಯದು ಏಳರ ಮನೆಯಲ್ಲಿ ಮಾತ್ರ ಸ್ಕ್ವೇರ್ ಇದ್ದರೆ. ಎರಡನೆಯದು ಐದರಲ್ಲೂ ಇದ್ದರೆ, ಮೂರನೆಯದು ಐದರ ಬದಲು ಆರರಲ್ಲಿ ಇದ್ದರೆ. ನಾಲ್ಕನೆಯದು ಐದು, ಆರು, ಏಳು ಮೂರೂ ಮನೆಗಳಲ್ಲಿ ಇದ್ದರೆ. ಸೂತ್ರ ಹಾಕಿದಾಗ ರೂಟ್ ಒಳಗೆ ಬರುವುದು ಕ್ರಮವಾಗಿ 172, 153, 136, 121. ಇವುಗಳಲ್ಲಿ ಪೂರ್ಣ ವರ್ಗ 121 ಒಂದೇ, ಅದು 11ರ ಸ್ಕ್ವೇರ್. ಆಗ (10k − 1)(k + 1) = 0 ಆಗುತ್ತದೆ. k = −1 ಆಗುವಂತಿಲ್ಲ, ಪ್ರಾಬಬಿಲಿಟಿ ಮೈನಸ್ ಬರುವುದಿಲ್ಲ. ಉಳಿಯುವುದು 1/10. ಸ್ಕ್ವೇರ್ ಬದಲು ಮೂರಲ್ಲೂ ಕ್ಯೂಬ್ ಇಟ್ಟು ನೋಡಿದರೆ 10k³ + 9k = 1 ಬರುತ್ತದೆ. ಅದರ k 0.11ರ ಹತ್ತಿರದ ಒಂದು ಕಷ್ಟದ ದಶಮಾಂಶ. ಪಿಯು ಮಗು ಅದನ್ನು ಪರೀಕ್ಷೆಯಲ್ಲಿ ಬಿಡಿಸಲಿ ಎಂದು ಯಾರೂ ಕೊಡುವುದಿಲ್ಲ.

k = 1/10 ಆದಾಗ P(X < 6) ಅಂದರೆ 8k + k², ಅದು 0.81. ನಾನು ಕಳಿಸಿದ್ದು 0.47. ಮೂರು ಪುಟ್ಟ ಅಂಕಿ ಕಾಣದೆ ಹೋದದ್ದಕ್ಕೆ ಇಷ್ಟು ವ್ಯತ್ಯಾಸ.

ಇಲ್ಲಿ ಒಂದು ಎಚ್ಚರ ಬೇಕು. ಉತ್ತರ ಸುಲಭದ ಭಿನ್ನರಾಶಿ ಬಂತು ಎನ್ನುವುದು ಪ್ರಶ್ನೆ ತೆಗೆದವರ ಅಭ್ಯಾಸಕ್ಕೆ ಸಾಕ್ಷಿ, ಗಣಿತಕ್ಕಲ್ಲ. ಪಠ್ಯಪುಸ್ತಕದ ಲೆಕ್ಕಕ್ಕೆ ಆ ಸಾಕ್ಷಿ ಚೆನ್ನಾಗಿ ಹೊಂದುತ್ತದೆ. ಬಿಕಾಂ ಮಕ್ಕಳು ಪ್ರಾಜೆಕ್ಟಿಗೆ ಅಂಗಡಿಯಿಂದ ತಂದ ಮಾರಾಟದ ಲೆಕ್ಕಕ್ಕೆ ಹೊಂದುವುದಿಲ್ಲ. ನಿಜವಾದ ಅಂಕಿಅಂಶ ಯಾರಿಗೂ ಸುಲಭವಾಗಲಿ ಎಂದು ಹುಟ್ಟಿರುವುದಿಲ್ಲ. ಅಲ್ಲಿ ಕಾಣದ್ದನ್ನು ಊಹಿಸಲು ನಾನು ಹೋಗುವುದೇ ಇಲ್ಲ, ಕೇಳಿ ತಿಳಿದುಕೊಳ್ಳುತ್ತೇನೆ.

ಈಗ ಇಂಥ ಫೋಟೋ ಬಂದರೆ ಲೆಕ್ಕಕ್ಕೆ ಮೊದಲು ಹೀಗೆ ಬರೆಯುತ್ತೇನೆ:

"ಫೋಟೋದಲ್ಲಿ 5, 6, 7ರ ಕೆಳಗಿನ ಪವರ್ ಕಾಣ್ತಿಲ್ಲಮ್ಮ. k², 2k², 7k² + k ಅಂತ ಓದಿಕೊಂಡಿದ್ದೀನಿ, ಯಾಕಂದ್ರೆ 7k + k ಅಂತ ಯಾರೂ ಬಿಡಿಸಿ ಬರೆಯಲ್ಲ. ನಿನ್ನ ಬುಕ್ಕಲ್ಲಿ ಬೇರೆ ಇದ್ರೆ ಎರಡನೇ ಸಾಲಿಂದ ಎಲ್ಲಾ ಬದಲಾಗುತ್ತೆ, ನಂಗೆ ಹೇಳು."

ಇದನ್ನು ಮೇಲೆಯೇ ಬರೆಯಬೇಕು. ಕೆಳಗೆ ಬರೆದರೆ ಮಕ್ಕಳು ಉತ್ತರ ಸಿಕ್ಕ ಕೂಡಲೇ ನಿಲ್ಲಿಸಿಬಿಡುತ್ತಾರೆ. "ಫೋಟೋ ಕ್ಲಿಯರ್ ಇಲ್ಲ, ತಪ್ಪಿರಬಹುದು" ಎಂದಷ್ಟೇ ಬರೆದರೂ ಪ್ರಯೋಜನ ಇಲ್ಲ. ಯಾವ ಮನೆ ಎಂದು ಗೊತ್ತಾದರೆ ಮಗು ಬುಕ್ ತೆರೆದು ಆ ಮೂರು ಜಾಗ ಮಾತ್ರ ನೋಡಿದರೆ ಮುಗಿಯಿತು. ಗೊತ್ತಾಗದಿದ್ದರೆ ಹನ್ನೆರಡು ಗಂಟೆವರೆಗೆ ಇಡೀ ಲೆಕ್ಕ ಹುಡುಕುತ್ತದೆ.

ಪ್ರತಿ ಮಚ್ಚೆಗೂ ಇಷ್ಟು ಬರೆಯಬೇಕಾಗಿಲ್ಲ. ಪಾಯ್ಸಾನ್ ಲೆಕ್ಕದಲ್ಲಿ e ಮೇಲಿನ ಪವರ್ ಕಾಣದಿದ್ದರೂ ಪಕ್ಕದಲ್ಲಿ 0.1353 ಎಂದು ಕೊಟ್ಟಿದ್ದರೆ ಅದು e⁻² ಎಂದೇ ಅರ್ಥ. e⁻¹ ಆಗಿದ್ದರೆ 0.3679 ಇರುತ್ತಿತ್ತು, e⁻³ ಆಗಿದ್ದರೆ 0.0498. ಅಲ್ಲಿ ಊಹೆಯೇ ಇಲ್ಲ, ಒಂದು ಸಾಲು ಸಾಕು.

ಕಷ್ಟವಾಗುವುದು ಎರಡು ಓದೂ ಸಮಂಜಸವಾಗಿದ್ದಾಗ. ಕಳೆದ ತಿಂಗಳು ಅದೇ ಹುಡುಗಿ ಇನ್ನೊಂದು ಟೇಬಲ್ ಕಳಿಸಿದಳು. ಮಾರ್ಕ್ಸ್ 0ರಿಂದ 50ರವರೆಗೆ ಹತ್ತತ್ತರ ಐದು ಗುಂಪು. ಎಷ್ಟು ಜನ ಎಂದರೆ 5, 8, ಮೂರನೆಯದರ ಮೇಲೆ ಟ್ಯೂಬ್‌ಲೈಟ್ ಹೊಳಪು, ಆಮೇಲೆ 12, 6. ಕಂಡವರು 31 ಜನ. ಕೆಳಗೆ ಒಟ್ಟು N ಕೊಟ್ಟಿದ್ದರು, ಆದರೆ ಅದು 40ರಂತೆಯೂ ಕಾಣುತ್ತಿತ್ತು, 50ರಂತೆಯೂ ಕಾಣುತ್ತಿತ್ತು. 40 ಆದರೆ ಕಾಣದ ಮನೆ 9, 50 ಆದರೆ 19. ಎರಡರಲ್ಲೂ ವಿಚಿತ್ರ ಏನೂ ಇಲ್ಲ. 7k + k ತರಹದ ಸುಳಿವು ಇಲ್ಲಿ ಸಿಗಲಿಲ್ಲ.

ಒಂದನ್ನು ಆರಿಸುವುದು ಸರಿಯೆನಿಸಲಿಲ್ಲ. ಎರಡಕ್ಕೂ ಮಾಡಿದೆ. ಸರಾಸರಿ 9ಕ್ಕೆ 26.5, 19ಕ್ಕೆ 26.2. ಹತ್ತು ಜನ ಹೆಚ್ಚುಕಮ್ಮಿ ಆದರೂ ಸರಾಸರಿ ಅಲ್ಲಾಡಲಿಲ್ಲ! ಕಾರಣ, ಕಾಣದ ಗುಂಪು 20–30, ಅದರ ನಡುಬೆಲೆ 25, ಸರಾಸರಿ ಇರುವುದೇ ಅದರ ಪಕ್ಕದಲ್ಲಿ. ನಡುವೆ ಎಷ್ಟು ಜನರನ್ನು ಸೇರಿಸಿದರೂ ತಕ್ಕಡಿ ವಾಲುವುದಿಲ್ಲ. ಕೊನೆಯ ಗುಂಪಿನ ಮನೆ ಕಾಣದೆ ಹೋಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಸ್ಟ್ಯಾಂಡರ್ಡ್ ಡೀವಿಯೇಷನ್ ಮಾತ್ರ ಬದಲಾಯಿತು. 9 ಇದ್ದರೆ 12.56, 19 ಇದ್ದರೆ 11.25. ನಡುವೆ ಜನ ಜಾಸ್ತಿ ಆದಷ್ಟೂ ಹರಡುವಿಕೆ ಕಡಿಮೆಯಾಗುತ್ತದೆ. ಆದ್ದರಿಂದ ಅವಳಿಗೆ ಹೀಗೆ ಬರೆದೆ: "ಮೂರನೇ ಮನೆ, N ಎರಡೂ ಕಾಣ್ತಿಲ್ಲ. N 40 ಆದ್ರೂ 50 ಆದ್ರೂ ಸರಾಸರಿ 26ರ ಮೇಲೆ ಸ್ವಲ್ಪ. ಎಸ್‌ಡಿ ಮಾತ್ರ N ನೋಡದೆ ಹೇಳೋಕೆ ಆಗಲ್ಲ. ಎರಡೂ ಕೆಳಗೆ ಮಾಡಿದ್ದೀನಿ. ಇನ್ನೊಂದು ಫೋಟೋ ತೆಗೆದು, ಡಾಕ್ಯುಮೆಂಟ್ ಅಂತ ಹಾಕಿ ಕಳಿಸು ಪುಟ್ಟ." ಡಾಕ್ಯುಮೆಂಟ್ ಆಗಿ ಕಳಿಸಿದರೆ ವಾಟ್ಸಾಪ್ ಫೋಟೋವನ್ನು ಚಿಕ್ಕದು ಮಾಡುವುದಿಲ್ಲ.

ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಹೊಸ ಫೋಟೋ ಬಂತು. N = 40, ಮೂರನೇ ಮನೆಯಲ್ಲಿ 9. ಜೊತೆಗೆ ಅವಳ ನೋಟ್‌ಬುಕ್ಕಿನ ಪುಟವೂ ಇತ್ತು. ನನ್ನ ಎರಡು ಉತ್ತರಗಳಲ್ಲಿ ಯಾವುದು ತನ್ನದು ಎಂದು ತಾನೇ ನೋಡಿಕೊಂಡು 26.5, 12.56 ಎಂದು ಬರೆದು ಟಿಕ್ ಹಾಕಿದ್ದಳು. ಯಾವುದರ ಮೇಲೂ ಗೆರೆ ಎಳೆದಿರಲಿಲ್ಲ.